ಮಾರ್ಚ್ 31ರ ಸಾಲ

"ಮಾಮಾ, ಈ ಶೇರು ತಗೋಬ್ಯಾಡ್ರಿ. ಸಾಲ ಬಂಡವಾಳದ ಎರಡ ಪಟ್ಟು ಐತಿ." ಸಾವಳಗಿಯ ಚಹದಂಗಡಿಯಲ್ಲಿ ಅಳಿಯ ಮೊಬೈಲು ನನ್ನ ಮುಂದೆ ಹಿಡಿದ. ಸಕ್ಕರೆ ಕಂಪನಿಯೊಂದರ ಹೆಸರು, ಅದರ ಪಕ್ಕ ಕೆಂಪು ಬಣ್ಣದಲ್ಲಿ 2.0. ಹೊರಗೆ ಕಬ್ಬು ತುಂಬಿದ ಎರಡು ಟ್ರಾಲಿಗಳನ್ನು ಎಳೆದುಕೊಂಡು ಟ್ರ್ಯಾಕ್ಟರ್ ಏದುಸಿರು ಬಿಡುತ್ತ ಹೋಯಿತು. ಆ ಎರಡು ಪಟ್ಟಿನ ಕಾರಣ ಬಹುಪಾಲು ಆ ಟ್ರಾಲಿಯಲ್ಲೇ ಇತ್ತು, ಮೊಬೈಲಿನಲ್ಲಿ ಇರಲಿಲ್ಲ.

ಒಂದೇ ಅಂಕಿ ನೋಡಿ ಕಂಪನಿಯ ಸಾಲದ ಹೊರೆ ತೀರ್ಮಾನಿಸುವ ಈ ರೂಢಿಯ ಮೇಲೆ ನನ್ನ ತಕರಾರಿದೆ. ಅಂಕಿ ಸುಳ್ಳಲ್ಲ. ಆದರೆ ಅದು ಯಾವ ದಿನದ್ದು, ಆ ಸಾಲದ ಎದುರಿಗೆ ಏನಿದೆ ಎಂಬುದನ್ನು ಅದು ಹೇಳುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಅವೇ ಎರಡು ಮುಖ್ಯ.

ಬ್ಯಾಲೆನ್ಸ್ ಶೀಟ್ ಎಂದರೆ ನಮ್ಮ ಸೊಸೈಟಿಗಳ ಅಹವಾಲಿನಲ್ಲಿ ಬರುವ ಅಢಾವೆ ಪತ್ರಿಕೆಯೇ. ವರ್ಷವಿಡೀ ನಡೆದದ್ದರ ಕಥೆ ಅದರಲ್ಲಿಲ್ಲ, ಒಂದು ದಿನದ ಚಿತ್ರ ಮಾತ್ರ ಇದೆ. ಒಂದು ಭಾಗದಲ್ಲಿ ಕಂಪನಿಯ ಬಳಿ ಏನೇನಿದೆ ಎಂಬ ಪಟ್ಟಿ, ಇನ್ನೊಂದರಲ್ಲಿ ಅದೆಲ್ಲ ಯಾರ ದುಡ್ಡಿನಿಂದ ಬಂತು ಎಂಬ ಪಟ್ಟಿ. ಎರಡರ ಮೊತ್ತವೂ ಒಂದೇ. ನಮ್ಮಲ್ಲಿ ಆ ಚಿತ್ರ ತೆಗೆಯುವ ದಿನ ಮಾರ್ಚ್ 31.

ಒಂದು ಕಾರ್ಖಾನೆ ಎಂದು ಇಟ್ಟುಕೊಳ್ಳೋಣ. ಅಂಕಿಗಳು ನಾನೇ ಕಟ್ಟಿದವು, ಎಲ್ಲವೂ ಕೋಟಿಗಳಲ್ಲಿ. ಯಂತ್ರ, ಜಾಗ, ಕಟ್ಟಡ ಸೇರಿ 380. ಗೋದಾಮಿನಲ್ಲಿ ಸಕ್ಕರೆ 300. ಬರಬೇಕಾದ ಬಾಕಿ, ನಗದು, ಇತರೆ 70. ಒಟ್ಟು 750. ಇದಕ್ಕೆ ದುಡ್ಡು ಬಂದದ್ದು ಹೀಗೆ: ಶೇರುದಾರರ ಬಂಡವಾಳ ಮತ್ತು ಉಳಿಸಿಕೊಂಡ ಲಾಭ 200, ಯಂತ್ರಕ್ಕೆಂದು ತೆಗೆದ ದೀರ್ಘಾವಧಿ ಸಾಲ 150, ಬ್ಯಾಂಕಿನ ಅಲ್ಪಾವಧಿ ಸಾಲ 250, ಕಬ್ಬಿನ ಬಿಲ್ಲು ಸೇರಿ ಕೊಡಬೇಕಾದದ್ದು 130, ಇತರೆ 20. ಸಾಲ 150 ಮತ್ತು 250, ಒಟ್ಟು 400. ಅದನ್ನು 200ರಿಂದ ಭಾಗಿಸಿದರೆ ಅಳಿಯನ ಕೆಂಪು ಅಂಕಿ, 2.

ಇಲ್ಲೊಂದು ಸಣ್ಣ ತೊಡಕಿದೆ. ದೀರ್ಘಾವಧಿ ಸಾಲದಲ್ಲಿ ಬರುವ ವರ್ಷ ಕಟ್ಟಬೇಕಾದ ಕಂತು, 30 ಎನ್ನಿ, ಅಲ್ಪಾವಧಿ ಸಾಲದ ಸಾಲಿನಲ್ಲಿ ಸೇರಿ ಬರುತ್ತದೆ. ಹಾಗಾಗಿ ಪುಟದಲ್ಲಿ ಕಾಣುವುದು 120 ಮತ್ತು 280. ಆ ಸಾಲಿನ ಪಕ್ಕ ಕೊಟ್ಟ ಟಿಪ್ಪಣಿ ಸಂಖ್ಯೆ ಹಿಡಿದು ಒಳಗೆ ಹೋದರೆ ಮಾತ್ರ 250 ಬೇರೆ, 30 ಬೇರೆ ಎಂದು ತಿಳಿಯುತ್ತದೆ.

ಈಗ ಕ್ಯಾಲೆಂಡರು ನೋಡಿ. ನಮ್ಮ ಕಡೆ ಕಬ್ಬು ನುರಿಸುವ ಹಂಗಾಮು ಅಕ್ಟೋಬರ್ ಕೊನೆ, ನವೆಂಬರಿಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತ ಬರುತ್ತದೆ. ನಾಲ್ಕೈದು ತಿಂಗಳಲ್ಲಿ ತಯಾರಾದ ಸಕ್ಕರೆಯನ್ನು ವರ್ಷವಿಡೀ ಮಾರಬೇಕು. ರೈತರಿಗೆ ದುಡ್ಡು ಮಾತ್ರ ಈಗಲೇ ಬೇಕು. ಹಾಗಾಗಿ ಸಕ್ಕರೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಎತ್ತುತ್ತಾರೆ. ಬ್ಯಾಂಕು ನೂರಕ್ಕೆ 15 ಹಿಡಿದುಕೊಂಡು ಉಳಿದದ್ದು ಕೊಟ್ಟರೆ, 300 ಕೋಟಿಯ ಸಕ್ಕರೆಗೆ 255 ಕೋಟಿಯವರೆಗೆ ಸಿಗುತ್ತದೆ. ನಮ್ಮ ಕಾರ್ಖಾನೆ ತೆಗೆದದ್ದು 250. ಲೆಕ್ಕ ಕೂಡಿಬಂತು.

ಸೆಪ್ಟೆಂಬರ್ 30ಕ್ಕೆ ಇದೇ ಗೋದಾಮಿಗೆ ಹೋಗಿ. ಸಕ್ಕರೆ 50ಕ್ಕೆ ಇಳಿದಿದೆ. ಬಂದ 250 ಕೋಟಿಯಲ್ಲಿ 90 ಬಾಕಿ ಬಿಲ್ಲಿಗೆ, 160 ಬ್ಯಾಂಕಿಗೆ. ನಡುವಿನ ಸಂಬಳ, ಬಡ್ಡಿ, ಲಾಭ ಸದ್ಯ ಬದಿಗಿಡಿ. ಸಾಲ 400ರಿಂದ 240ಕ್ಕೆ, ಅನುಪಾತ 2ರಿಂದ 1.2ಕ್ಕೆ. ಕಂಪನಿ ಉದ್ಧಾರವೂ ಆಗಿಲ್ಲ, ಹಾಳೂ ಆಗಿಲ್ಲ. ಋತು ಬದಲಾಯಿತು ಅಷ್ಟೆ. ಶೇರುಪೇಟೆಯಲ್ಲಿರುವ ಕಂಪನಿಗಳು ಸೆಪ್ಟೆಂಬರಿನ ಅರ್ಧವಾರ್ಷಿಕ ಲೆಕ್ಕದಲ್ಲೂ ಬ್ಯಾಲೆನ್ಸ್ ಶೀಟ್ ಕೊಡುತ್ತವೆ. ಸಕ್ಕರೆ ಕಂಪನಿಯನ್ನು ಓದುವವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಲೇಬೇಕು.

ಹಾಗಾದರೆ ಭಯಪಡಬೇಕಾದ್ದು ಯಾವಾಗ? ಅದೇ 250 ಕೋಟಿ ಅಲ್ಪಾವಧಿ ಸಾಲವಿದ್ದು, ಮಾರ್ಚಿನಲ್ಲೇ ಗೋದಾಮಿನಲ್ಲಿ 120 ಕೋಟಿಯ ಸಕ್ಕರೆ ಮಾತ್ರ ಇದ್ದರೆ. ಉಳಿದ ದುಡ್ಡು ಎಲ್ಲಿ ಹೋಯಿತು? ಬರಬೇಕಾದ ಬಾಕಿ ಅಷ್ಟು ಬೆಳೆದಿಲ್ಲ, ನಗದೂ ಇಲ್ಲ ಎಂದಾದರೆ ಹೊಸ ಎಥೆನಾಲ್ ಘಟಕಕ್ಕೆ ಹೋಗಿರಬಹುದು, ಹಳೆಯ ನಷ್ಟ ತುಂಬಿರಬಹುದು, ಸೋದರ ಕಂಪನಿಗೆ ಕೈಗಡ ಹೋಗಿರಬಹುದು. ವರ್ಷದೊಳಗೆ ತೀರಿಸಬೇಕಾದ ಸಾಲ, ಹತ್ತು ವರ್ಷಕ್ಕೆ ದುಡ್ಡು ಕೊಡುವ ಯಂತ್ರ: ಇಲ್ಲೇ ಕೈ ಕಟ್ಟುವುದು. 2 ಎಂಬ ಅಂಕಿ ಎರಡೂ ಕಾರ್ಖಾನೆಗೆ ಒಂದೇ ಇರಬಹುದು.

ಈ ಅನುಮಾನ ಹೊಸಬರಿಗೂ ಬಗೆಹರಿಯುವಂತೆ ಕಾನೂನೇ ಒಂದು ಬಾಗಿಲು ತೆರೆದಿಟ್ಟಿದೆ, ಆದರೆ ಅದರತ್ತ ಹೋಗುವವರು ಕಡಿಮೆ. ಲೆಕ್ಕಪರಿಶೋಧಕರ ವರದಿಗೆ ಅಂಟಿಸಿದ ಅನುಬಂಧದಲ್ಲಿ, ಕಾರೋ 2020 ಎಂಬ ಆದೇಶದ ಪ್ರಕಾರ, ಒಂಬತ್ತನೆಯ ಅಂಶದ ಕೆಳಗೆ ಅವರು ಹೇಳಲೇಬೇಕು: ಅಲ್ಪಾವಧಿಗೆಂದು ತಂದ ದುಡ್ಡು ದೀರ್ಘಾವಧಿ ಕೆಲಸಕ್ಕೆ ಹೋಗಿದೆಯೇ, ಹೋಗಿದ್ದರೆ ಎಷ್ಟು. ಎರಡನೆಯ ಅಂಶದಲ್ಲಿ, 5 ಕೋಟಿಗೆ ಮೇಲ್ಪಟ್ಟ ಮಿತಿ ಪಡೆದ ಕಂಪನಿ ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿಗೂ ತನ್ನ ಲೆಕ್ಕಪುಸ್ತಕಕ್ಕೂ ತಾಳೆಯಿದೆಯೇ ಎಂಬುದು. ಬಣ್ಣದ ಚಿತ್ರಗಳಿರುವ ಅಧ್ಯಕ್ಷರ ಭಾಷಣಕ್ಕಿಂತ ಈ ಎರಡು ಪ್ಯಾರಾ ನನಗೆ ಬೆಲೆಯುಳ್ಳವು. ಸಹಕಾರಿ ಕಾರ್ಖಾನೆಗಳಿಗೆ ಈ ಆದೇಶ ಅನ್ವಯಿಸದು. ಅಲ್ಲಿ ದಾಸ್ತಾನನ್ನು ಸಾಲದ ಎದುರಿಗೆ ನಾವೇ ಇಟ್ಟು ನೋಡಬೇಕು.

ಅನುಪಾತದ ಕೆಳಗಿನ ಅಂಕಿ, ಅಂದರೆ ಸ್ವಂತ ಬಂಡವಾಳವೂ ಮೋಸ ಮಾಡಬಲ್ಲದು. ಸಮೀರವಾಡಿಯಲ್ಲಿ ಕಾರ್ಖಾನೆಯಿರುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ಶೇರು ಕೊಟ್ಟಿತು. ಹೊಸ ಶೇರಿನಿಂದ ಎತ್ತಿದ 325 ಕೋಟಿಯಲ್ಲಿ 240 ಕೋಟಿ ಸಾಲ ತೀರಿಸಲು ಎಂದು ಮೊದಲೇ ಹೇಳಿತ್ತು. ಮೇಲಿನ ಅಂಕಿ ಇಳಿದು ಕೆಳಗಿನದು ಏರಿದರೆ ಅನುಪಾತ ಒಮ್ಮೆಲೇ ಸುಧಾರಿಸುತ್ತದೆ. ಅದು ಒಳ್ಳೆಯದೇ, ಆದರೆ ಆ ಸುಧಾರಣೆ ಸಕ್ಕರೆ ಮಾರಿ ಬಂದದ್ದಲ್ಲ, ಹೊಸ ಶೇರುದಾರರ ಜೇಬಿನಿಂದ ಬಂದದ್ದು.

ಇನ್ನೊಂದು ತುದಿಗೆ ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್, ನಮ್ಮ ಪಕ್ಕದ ಅಥಣಿ ತಾಲೂಕಿನ ಬುರ್ಲಟ್ಟಿಯಲ್ಲೂ ಅದರ ಕಾರ್ಖಾನೆಯಿದೆ. 2010ರ ಸುಮಾರಿಗೆ ಬ್ರೆಜಿಲ್‌ನಲ್ಲಿ ಕಾರ್ಖಾನೆಗಳನ್ನು ಕೊಂಡಿತು. ಅಲ್ಲಿನ ಅಂಗಸಂಸ್ಥೆ 2015ರಲ್ಲಿ ಸಾಲ ತೀರಿಸಲಾಗದೆ ಕೋರ್ಟಿನ ರಕ್ಷಣೆ ಕೇಳಿತು. ಇಲ್ಲಿನ ಕಂಪನಿಯ ಪ್ರತ್ಯೇಕ ಲೆಕ್ಕ ಮಾತ್ರ ಓದಿದವರಿಗೆ ಅಲ್ಲಿನ ಸಾಲ ಕಾಣುತ್ತಿರಲಿಲ್ಲ, ಅಂಗಸಂಸ್ಥೆಗಳೂ ಸೇರಿದ ಕ್ರೋಡೀಕೃತ ಲೆಕ್ಕವೇ ಬೇಕಿತ್ತು. ಅದೇ ಕ್ರೋಡೀಕೃತ ಲೆಕ್ಕದಲ್ಲಿ 2024ರ ಮಾರ್ಚ್ 31ಕ್ಕೆ ಸ್ವಂತ ಬಂಡವಾಳ ಸೊನ್ನೆಗಿಂತ ಕೆಳಗಿತ್ತು. ಆಗ ಭಾಗಿಸಿದರೆ ಬರುವುದು ಋಣ ಸಂಖ್ಯೆ. "ಸಾಲ ಒಂದು ಪಟ್ಟಿಗಿಂತ ಕಡಿಮೆ ಇರುವ ಕಂಪನಿಗಳು" ಎಂದು ಕುರುಡಾಗಿ ಜರಡಿ ಹಿಡಿದರೆ ಅಂಥದೂ ಸಲೀಸಾಗಿ ಕೆಳಗಿಳಿಯುತ್ತದೆ.

ಇಷ್ಟೆಲ್ಲ ಹೇಳಿ ಮುಗಿಸಿ, ಅನುಪಾತಕ್ಕೆ ಸೇರದ ಆ 130 ಕೋಟಿಯ ಸಾಲನ್ನು ಅಳಿಯನಿಗೆ ತೋರಿಸಿದೆ. ಅದರಲ್ಲಿ 100 ಕೋಟಿ ಕಬ್ಬಿನ ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಹಾಕಿದ 14 ದಿನದೊಳಗೆ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡ 15 ಬಡ್ಡಿ. ಬ್ಯಾಂಕು ಕೈ ಬಿಗಿಮಾಡಿದಾಗ ಕಾರ್ಖಾನೆ ಮೊದಲು ಎಳೆಯುವುದು ಈ ಬಾಕಿಯನ್ನೇ. ಬ್ಯಾಂಕಿನ ಸಾಲ ಇಳಿದು ಈ ಬಾಕಿ ಏರಿದರೂ ಮೊಬೈಲಿನ ಅಂಕಿ ಹಸಿರಾಗುತ್ತದೆ.

ಅವನು ಸ್ವಲ್ಪ ಹೊತ್ತು ಪರದೆ ನೋಡಿದ. ಅವರ ಮನೆಯ ಜನವರಿ ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ.

"ಮಾಮಾ, ಇದರಾಗ ನಮ್ಮದೂ ಐತೇನ್ರಿ?"