ಮೂರು ಅರವತ್ತುಗಳ ಲೆಕ್ಕ

ನರ್ಸಿಂಗ್ ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ರಾಮಕುಂಜದ ನಮ್ಮ ಮನೆಗೆ ಔಷಧ ವಿಜ್ಞಾನದ ಟಿಪ್ಪಣಿ ಹಾಳೆಯೊಂದನ್ನು ತಂದಿದ್ದಳು. "ಮಾವ, ಉತ್ತರ ಸರಿ ಬರ್ತದೆ. ಆದರೆ ಯಾಕೆ ಬರ್ತದೆ ಅಂತ ಗೊತ್ತಾಗುವುದಿಲ್ಲ" ಎಂಬುದು ಅವಳ ದೂರು. ಹಾಳೆಯನ್ನು ಓದಿದ ಮೇಲೆ, ತಪ್ಪು ಅವಳದಲ್ಲ, ಹಾಳೆಯದು ಎನ್ನಿಸಿತು.

ಅದರಲ್ಲಿದ್ದ ಉದಾಹರಣೆ ಇದು. ರಕ್ತದೊತ್ತಡ ಕುಸಿದಿರುವ ರೋಗಿಯ ತೂಕ 60 ಕಿ.ಗ್ರಾಂ. ಡೋಪಮಿನ್ ಔಷಧವನ್ನು ಪ್ರತಿ ಕಿ.ಗ್ರಾಂ ತೂಕಕ್ಕೆ ನಿಮಿಷಕ್ಕೆ 5 ಮೈಕ್ರೊಗ್ರಾಂನಂತೆ ಕೊಡಬೇಕು. 200 ಮಿ.ಗ್ರಾಂ ಔಷಧವನ್ನು 500 ಮಿ.ಲೀ. ಸಲೈನಿಗೆ ಸೇರಿಸಲಾಗಿದೆ. ಮೈಕ್ರೊಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಹಾಳೆಯ ಸೂತ್ರದಂತೆ ಪ್ರಮಾಣ, ತೂಕ, 60 ಇವುಗಳನ್ನು ಗುಣಿಸಿ ಸಾರತೆಯಿಂದ ಭಾಗಿಸಬೇಕು. ಉತ್ತರ 45.

ಉತ್ತರ ಸರಿಯೇ. ಆದರೆ ಸೂತ್ರದ ಆ 60 ಯಾವುದು? ರೋಗಿಯ ತೂಕ 60, ಗಂಟೆಗೆ ನಿಮಿಷಗಳು 60, ಮೈಕ್ರೊಡ್ರಿಪ್ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ ಹನಿಗಳೂ 60. ಒಂದೇ ಲೆಕ್ಕದಲ್ಲಿ ಮೂರು ಅರವತ್ತುಗಳನ್ನು ಇಟ್ಟರೆ ಯಾವುದು ಎಲ್ಲಿಂದ ಬಂತೆಂದು ವಿದ್ಯಾರ್ಥಿಗೆ ತಿಳಿಯುವುದು ಹೇಗೆ? ಆದ್ದರಿಂದ ನಾವು ತೂಕವನ್ನು 48 ಕಿ.ಗ್ರಾಂ ಎಂದು ಬದಲಿಸಿಕೊಂಡು, ಸೂತ್ರವನ್ನು ಮರೆತು ಲೆಕ್ಕ ಮಾಡೋಣ.

ಮೊದಲು ರೋಗಿಗೆ ನಿಮಿಷಕ್ಕೆ ಬೇಕಾದ ಔಷಧ. ಪ್ರಮಾಣವನ್ನು 'ಪ್ರತಿ ಕಿ.ಗ್ರಾಂಗೆ, ಪ್ರತಿ ನಿಮಿಷಕ್ಕೆ' ಎಂದು ಹೇಳಲಾಗಿದೆ. ತೂಕದಿಂದ ಗುಣಿಸಿದಾಗ ಕಿ.ಗ್ರಾಂ ಹೊಡೆದುಹೋಗುತ್ತದೆ, ನಿಮಿಷ ಉಳಿಯುತ್ತದೆ. 5 × 48 = 240, ಅಂದರೆ ನಿಮಿಷಕ್ಕೆ 240 ಮೈಕ್ರೊಗ್ರಾಂ.

ಇನ್ನು ಬಾಟಲಿಯ ಸಾರತೆ. ನಮ್ಮ ಕಡೆ ಅಡಿಕೆಗೆ ಮದ್ದು ಬಿಡುವವರಿಗೆ ಇದು ಹೊಸದಲ್ಲ. 100 ಲೀಟರಿಗೆ ಒಂದು ಕಿಲೊ ಮೈಲುತುತ್ತು ಎಂದರೆ ಲೀಟರಿಗೆ 10 ಗ್ರಾಂ ಎಂದು ಅವರು ಥಟ್ಟನೆ ಹೇಳುತ್ತಾರೆ. ಇಲ್ಲಿ ಬಾಟಲಿಯಲ್ಲಿರುವುದು ಮಿ.ಗ್ರಾಂ, ರೋಗಿಗೆ ಬೇಕಾದದ್ದು ಮೈಕ್ರೊಗ್ರಾಂ. ಒಂದನ್ನು ಇನ್ನೊಂದರ ಮಾನಕ್ಕೆ ತರದೆ ಭಾಗಿಸುವಂತಿಲ್ಲ. 200 ಮಿ.ಗ್ರಾಂ ಎಂದರೆ 2,00,000 ಮೈಕ್ರೊಗ್ರಾಂ. 500ರಿಂದ ಭಾಗಿಸಿದರೆ ಮಿ.ಲೀ.ಗೆ 400 ಮೈಕ್ರೊಗ್ರಾಂ.

ಈಗ 240ನ್ನು 400ರಿಂದ ಭಾಗಿಸಬೇಕು. ಗುಣಿಸಬಾರದೇಕೆ? ಗುಣಿಸಿದರೆ ಮೈಕ್ರೊಗ್ರಾಂನ ವರ್ಗ ಬರುತ್ತದೆ. ಅಂಥ ವಸ್ತುವನ್ನು ಯಾರಿಗೂ ಚುಚ್ಚಲಾಗದು. ಭಾಗಿಸಿದಾಗ ಮೈಕ್ರೊಗ್ರಾಂ ಹೊಡೆದುಹೋಗಿ ನಿಮಿಷಕ್ಕೆ 0.6 ಮಿ.ಲೀ. ಉಳಿಯುತ್ತದೆ.

ಕೊನೆಯದು ಹನಿ. ಹನಿ ಒಂದು ನಿಶ್ಚಿತ ಮಾನವಲ್ಲ. ಕೊಳವೆಯ ತುದಿಯಲ್ಲಿ ಹನಿಯನ್ನು ಹಿಡಿದಿಡುವುದು ದ್ರವದ ಮೇಲ್ಮೈ ಎಳೆತ. ತುದಿ ಅಗಲವಾದಷ್ಟೂ ಹನಿ ದೊಡ್ಡದಾಗಿ ಬೆಳೆದು ಆಮೇಲೆ ಕಳಚಿಕೊಳ್ಳುತ್ತದೆ. ಮಿ.ಲೀ.ಗೆ ಎಷ್ಟು ಹನಿ ಎಂಬುದನ್ನು ಸೆಟ್ಟಿನ ಪೊಟ್ಟಣದ ಮೇಲೆ ಮುದ್ರಿಸಿರುವುದು ಅದಕ್ಕಾಗಿಯೇ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಯಾದರೆ ನಮ್ಮ ಉತ್ತರ ನಿಮಿಷಕ್ಕೆ 12. ಮೈಕ್ರೊಡ್ರಿಪ್ಪಿನಲ್ಲಿ 60, ಆದ್ದರಿಂದ 36. ಗಂಟೆಗೆ ಎಷ್ಟು ಮಿ.ಲೀ. ಎಂದು ಕೇಳಿದರೂ 0.6 × 60, ಮತ್ತೆ 36. ಎರಡು ಬೇರೆ ಬೇರೆ ಅರವತ್ತುಗಳು ಆಕಸ್ಮಿಕವಾಗಿ ಸಮವಾಗಿರುವುದರಿಂದ ಒಂದೇ ಸಂಖ್ಯೆ ಬಂತು. ಹಾಳೆ ಈ ಆಕಸ್ಮಿಕವನ್ನೇ ನಿಯಮವೆಂಬಂತೆ ಮುದ್ರಿಸಿದೆ. ನನ್ನ ಮುಖ್ಯ ಆಕ್ಷೇಪ ಇದು.

ಏಕೆಂದರೆ ಸಾವಿರ ಪಟ್ಟಿನ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ. ಬಾಟಲಿಯ ಮಿ.ಗ್ರಾಂ ಅನ್ನು ಪರಿವರ್ತಿಸದೆ ಭಾಗಿಸಿದವನಿಗೆ ನಿಮಿಷಕ್ಕೆ 36,000 ಹನಿ ಬರುತ್ತದೆ, ನಂಬುವವರಿಲ್ಲ. ಮೂರು ಪಟ್ಟಿನ ತಪ್ಪು ಹಾಗಲ್ಲ. '36 ಹನಿ' ಎಂದು ಬರೆದುಕೊಂಡು ಕೈಗೆ ಸಿಕ್ಕಿದ ಸಾಮಾನ್ಯ ಸೆಟ್ಟನ್ನು ಜೋಡಿಸಿದರೆ ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ರೋಗಿಗೆ ನಿಮಿಷಕ್ಕೆ 1.8 ಮಿ.ಲೀ. ಹೋಗುತ್ತದೆ, ಅಂದರೆ ಕಿ.ಗ್ರಾಂಗೆ 15 ಮೈಕ್ರೊಗ್ರಾಂ. ಡೋಪಮಿನ್ 10ನ್ನು ದಾಟಿದಾಗ ಹೃದಯಕ್ಕೆ ಬಲ ಕೊಡುವುದಕ್ಕಿಂತ ರಕ್ತನಾಳಗಳನ್ನು ಬಿಗಿಯುವುದೇ ಮುಖ್ಯವಾಗುತ್ತದೆ. ನಾಡಿ ಓಡುತ್ತದೆ, ಲಯ ತಪ್ಪಲೂಬಹುದು.

ಔಷಧದ ಆಂಪೂಲಿನಲ್ಲೇ 5 ಮಿ.ಲೀ. ದ್ರವ ಇರುತ್ತದೆಯಲ್ಲ, ಒಟ್ಟು 505 ಆಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ನಿಜ, ಸಾರತೆ ಶೇಕಡಾ ಒಂದರಷ್ಟು ಇಳಿಯುತ್ತದೆ. ರೋಗಿಯ ತೂಕವನ್ನೇ ಅಂದಾಜಿನಿಂದ ಬರೆದಿರುವಾಗ ಅದನ್ನು ಬಿಡಬಹುದು. ಅದನ್ನು ಏಕೆ ಬಿಟ್ಟೆವೆಂದು ಹಾಳೆ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಮೂರು ಪಟ್ಟಿನ ತಪ್ಪನ್ನು ಹಿಡಿಯುವ ದಾರಿ ಸುಲಭ. ಗಂಟೆಗೆ 36 ಮಿ.ಲೀ. ಆದರೆ 500 ಮಿ.ಲೀ. ಬಾಟಲಿ ಸುಮಾರು 14 ಗಂಟೆ ಬರಬೇಕು. ತಪ್ಪು ಸೆಟ್ಟಿನಲ್ಲಿ ಐದು ಗಂಟೆಗೂ ಮೊದಲೇ ಖಾಲಿಯಾಗುತ್ತದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ: ಬಾಟಲಿಗೆ ಪಟ್ಟಿ ಅಂಟಿಸಿ ಗುರುತು ಹಾಕಿದ್ದರೆ ಅರ್ಧ ಗಂಟೆಯಲ್ಲಿ ಮಟ್ಟ 18 ಮಿ.ಲೀ. ಇಳಿದಿದೆಯೋ 54 ಇಳಿದಿದೆಯೋ ಕಣ್ಣಿಗೇ ಕಾಣುತ್ತದೆ. ಅದಕ್ಕೂ ಮೊದಲು ಪೊಟ್ಟಣವನ್ನು ಎಸೆಯದೆ ಅದರ ಮೇಲಿನ ಸಂಖ್ಯೆಯನ್ನು ಓದಿದ್ದರೆ ಇಷ್ಟೂ ಬೇಕಾಗುತ್ತಿರಲಿಲ್ಲ.