ತುಂಡುವಾಕ್ಯಗಳ ಗದ್ಯ

ವಿದುರಾಶ್ವತ್ಥದ ವಿಷಯವಾಗಿ ಹೊಸಬರು ಬರೆಯುವ ಪ್ರಬಂಧಗಳಲ್ಲಿ ಸಂಗತಿಗಳಿಗೆ ಕೊರತೆಯಿರುವುದಿಲ್ಲ; ಕೊರತೆಯಿರುವುದು ನಡೆಯಲ್ಲಿ. ಅಂತಹ ಬರೆವಣಿಗೆಯ ಸ್ವರೂಪವು ವಾಚಕರಿಗೆ ತಿಳಿಯುವಂತೆ, ಮಾದರಿಗಾಗಿಯೇ ರಚಿಸಿದ ಒಂದು ಖಂಡವನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಳ್ಳಬಹುದು:

“ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದಲ್ಲಿದೆ. ಅಲ್ಲಿ ದೊಡ್ಡ ಅಶ್ವತ್ಥವೃಕ್ಷವಿತ್ತು. ಅದನ್ನು ವಿದುರನು ನೆಟ್ಟನೆಂಬ ಪ್ರತೀತಿಯಿದೆ. ಆ ಮರವು 2001ರಲ್ಲಿ ಬಿದ್ದಿತು. ಅಲ್ಲಿ ನಾಗರಕಲ್ಲುಗಳು ಬಹಳವಿವೆ. 1938ರ ಏಪ್ರಿಲ್ 25ರಂದು ಜನರು ಸೇರಿದರು. ಅವರು ಧ್ವಜದೊಡನೆ ಬಂದರು. ಸರಕಾರವು ಸಭೆಯನ್ನು ನಿಷೇಧಿಸಿತ್ತು. ಪೋಲೀಸರು ಗುಂಡು ಹಾರಿಸಿದರು. ಅನೇಕರು ಸತ್ತರು.”

ಹತ್ತು ವಾಕ್ಯಗಳು, ಅತಿ ದೀರ್ಘವಾದುದಕ್ಕೂ ಐದೇ ಪದ. ಗಟ್ಟಿಯಾಗಿ ಓದಿದರೆ ಒರಳಿನಲ್ಲಿ ಒನಕೆ ಬಿದ್ದಂತೆ ಒಂದೇ ಸಪ್ಪಳ ಕೇಳಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ನಿಲ್ಲುವುದರಿಂದ ಈ ದೋಷವು ನಮ್ಮ ಭಾಷೆಯಲ್ಲಿ ಇಮ್ಮಡಿಯಾಗುತ್ತದೆ: ವಾಕ್ಯ ಗಿಡ್ಡವಾದಷ್ಟೂ ಒಂದೇ ಬಗೆಯ ಪ್ರತ್ಯಯವು ಬೇಗಬೇಗನೆ ಕಿವಿಗೆ ತಗಲುವುದು. ಸೇರಿದರು, ಬಂದರು, ಹಾರಿಸಿದರು, ಸತ್ತರು ಎಂಬ ಸಾಲನ್ನು ನೋಡಿರಿ. ಹತ್ತರಲ್ಲಿ ಐದು ವಾಕ್ಯಗಳು ಅಲ್ಲಿ, ಅದನ್ನು, ಆ, ಅವರು ಎಂಬ ನಿರ್ದೇಶಕ ಪದಗಳಿಂದಲೇ ಹೊರಡುತ್ತವೆ. ತನ್ನ ಬರೆಹದ ಪ್ರತಿಯೊಂದು ವಾಕ್ಯದ ಮೊದಲ ಪದಕ್ಕೂ ಕೊನೆಯ ಪದಕ್ಕೂ ಗೆರೆಯೆಳೆದು ನೋಡುವ ಲೇಖಕನಿಗೆ ರೋಗವು ಎಲ್ಲಿದೆಯೆಂಬುದು ಪರರು ಹೇಳದೆಯೇ ಗೊತ್ತಾಗುವುದು.

ಕಿವಿಗೆ ಆಗುವ ಬೇಸರವೊಂದೇ ಆಗಿದ್ದರೆ ಕ್ಷಮಿಸಬಹುದಾಗಿತ್ತು. ಇಲ್ಲಿ ಅರ್ಥವೇ ಕೆಟ್ಟಿದೆ. ಜನರು ಬಂದುದಕ್ಕೂ ಸರಕಾರದ ನಿಷೇಧಕ್ಕೂ ಇರುವ ಸಂಬಂಧವನ್ನು ಲೇಖಕನು ಹೇಳಿಯೇ ಇಲ್ಲ. ನಿಷೇಧವನ್ನು ಅರಿತು ಬಂದರೆ? ಅರಿಯದೆ ಬಂದರೆ? ಮರ ಬಿದ್ದ ಸಂಗತಿಯು ಮೊದಲು ಬಂದುದರಿಂದ, ಗುಂಡಿನೇಟು ಬಿದ್ದ ದಿನ ಮರವು ಇರಲೇ ಇಲ್ಲವೇನೋ ಎಂಬ ಭ್ರಾಂತಿಯೂ ಹುಟ್ಟುತ್ತದೆ. ಇವನ್ನು ಜೋಡಿಸುವ ಸಾಧನಗಳು ಕನ್ನಡದಲ್ಲಿ ಸಿದ್ಧವಾಗಿವೆ, ‘ಮತ್ತು’ಗಳನ್ನು ಹೊಲಿಯಬೇಕಾಗಿಲ್ಲ. ‘ಬಿದ್ದ ಮರ’ ಎಂಬಂತಹ ಕೃದಂತ ವಿಶೇಷಣ, ‘ನಿಂತಿದ್ದಾಗ’ ಎಂಬ ಕಾಲಸೂಚಕ, ‘ನಿಷೇಧಿಸಿದ್ದರೂ’ ಎಂಬಲ್ಲಿನ ಪುಟ್ಟ ‘ಊ’ಕಾರ, ಇಷ್ಟೇ ಸಾಕು:

“ಉತ್ತರ ಪಿನಾಕಿನಿಯ ದಡದಲ್ಲಿರುವ ವಿದುರಾಶ್ವತ್ಥಕ್ಕೆ ಆ ಹೆಸರು ಬಂದುದು ವಿದುರನು ನೆಟ್ಟನೆಂಬ ಪ್ರತೀತಿಯಿದ್ದ ದೊಡ್ಡ ಅಶ್ವತ್ಥವೃಕ್ಷದಿಂದ. ಸುತ್ತಲೂ ನಾಗರಕಲ್ಲುಗಳು. 2001ರಲ್ಲಿ ಬಿದ್ದ ಆ ಮರವು ಇನ್ನೂ ನಿಂತಿದ್ದಾಗ, 1938ರ ಏಪ್ರಿಲ್ 25ರಂದು, ಸರಕಾರವು ಸಭೆಯನ್ನು ನಿಷೇಧಿಸಿದ್ದರೂ ಜನರು ಧ್ವಜದೊಡನೆ ಅಲ್ಲಿ ಸೇರಿದರು. ಪೋಲೀಸರು ಗುಂಡು ಹಾರಿಸಿದರು. ಅನೇಕರು ಸತ್ತರು.”

ಮೊದಲ ವಾಕ್ಯದಲ್ಲಿ ಹನ್ನೆರಡು ಪದಗಳು; ಅದು ಕ್ರಿಯಾಪದದಿಂದ ಮುಗಿಯದೆ ‘ವೃಕ್ಷದಿಂದ’ ಎಂದು ಮುಗಿಯುವುದರಿಂದ ಮರದ ಮೇಲೆಯೇ ಒತ್ತು ಬೀಳುತ್ತದೆ. ಎರಡನೆಯದಕ್ಕೆ ಕ್ರಿಯಾಪದವೇ ಇಲ್ಲ. ಮೂರನೆಯದು ಹದಿನಾರು ಪದಗಳಷ್ಟು ಬೆಳೆದು ಜನರನ್ನು ಒಂದೆಡೆ ತಂದು ನಿಲ್ಲಿಸುತ್ತದೆ. ಕೊನೆಯ ಎರಡು ವಾಕ್ಯಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೊದಲಿನ ಖಂಡದಲ್ಲಿಯೂ ಅವು ಹೀಗೆಯೇ ಇದ್ದವು. ಆದರೆ ನದಿಯೂ ಮರವೂ ಕಲ್ಲೂ ಅದೇ ಗಿಡ್ಡಳತೆಯಲ್ಲಿ ಬಂದುಹೋಗಿದ್ದುದರಿಂದ ಸಾವಿಗೆ ಬೇರೆ ಅಳತೆ ಉಳಿದಿರಲಿಲ್ಲ.

ಜೋಡಣೆಯ ರುಚಿ ಹತ್ತಿದವರು ಈ ಎರಡನ್ನೂ ಬಿಡಲಾರರು. “ಪೋಲೀಸರು ಗುಂಡು ಹಾರಿಸಿ ಅನೇಕರು ಸತ್ತರು” ಎಂದು ಬರೆದಾರು. ‘ಹಾರಿಸಿ’ ಎಂಬ ಕೃದಂತಾವ್ಯಯಕ್ಕೂ ವಾಕ್ಯದ ಮುಖ್ಯ ಕ್ರಿಯೆಗೂ ಕರ್ತೃವು ಒಬ್ಬನೇ ಆಗಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲಿ ಹಾರಿಸಿದವರು ಒಬ್ಬರು, ಸತ್ತವರು ಮತ್ತೊಬ್ಬರು. ‘ಹಾರಿಸಲು’ ಎಂದು ತಿದ್ದಿದರೆ ವ್ಯಾಕರಣವೇನೋ ಸರಿಹೋಗುತ್ತದೆ, ಆದರೆ ಗುಂಡು ಹಾರಿಸಿದ ಕಾರ್ಯವು ಅಧೀನ ವಾಕ್ಯದೊಳಗೆ ಅಡಗಿಕೊಳ್ಳುತ್ತದೆ. “ಗುಂಡು ಹಾರಿಸಲ್ಪಟ್ಟು” ಎಂದು ಬರೆಯುವವರೂ ಉಂಟು. ಅಲ್ಲಿ ಕರ್ತೃವೇ ಮಾಯ. ಸರಕಾರಿ ವರದಿಗಳ ಭಾಷೆಗೆ ಈ ಪ್ರಯೋಗವು ಏಕೆ ಪ್ರಿಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ತಿರುಗಾಮುರುಗಾ, ಸತ್ತವರ ಸಂಖ್ಯೆಯನ್ನು ಹೇಳುವಾಗ ಗಿಡ್ಡವಾಕ್ಯವು ಸಲ್ಲದು. ಸರಕಾರದ ಲೆಕ್ಕ ಕಡಮೆ, ಜನರ ಲೆಕ್ಕ ಹೆಚ್ಚು. ಒಂದನ್ನು ಪೂರ್ಣವಿರಾಮದಿಂದ ಮುಗಿಸಿ ಇನ್ನೊಂದನ್ನು ಆರಂಭಿಸಿದರೆ, ಮೊದಲು ಬಂದುದೇ ನಿಶ್ಚಿತವೆಂದು ಓದುಗನು ತಿಳಿಯುವನು. ‘ಎಂದು ಸರಕಾರವು ಹೇಳಿದರೂ’ ಎಂದು ತೊಡಗಿ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿದು ನಿಲ್ಲಿಸುವ ವಾಕ್ಯವು ಎಷ್ಟು ಉದ್ದವಾದರೂ ಅಲ್ಲಿ ಅದೇ ಬೇಕು.