ಸತ್ತು ಹೋದ ಹತ್ತು ಕ್ಲಾಸುಗಳ ಲೆಕ್ಕ

'ಅಕ್ಕಾರ, ನಿಮ್ಮ ಪ್ಯಾಕ್ ನಿನ್ನೇನ ಮುಗದತಿ ನೋಡ್ರಿ. ಇವತ್ತಿಂದ ಹೊಸದು ತಗೋಬೇಕಾಗ್ತತಿ.'

2024ರ ಮಾರ್ಚ್ 1, ಶುಕ್ರವಾರ, ಬೆಳಿಗ್ಗೆ ಆರೂವರೆ. ಬಾಗಲಕೋಟೆ ನವನಗರದ ಒಂದು ಯೋಗ ಕೇಂದ್ರದ ಬಾಗಿಲಲ್ಲಿ ಚಾಪೆ ಬಗಲಲ್ಲಿ ಇಟ್ಕೊಂಡು ನಿಂತಿದ್ದೆ. ಕೇಂದ್ರದ ಹೆಸರು ಬೇಡ. ನಡೆಸುವವರು ಕೆಟ್ಟವರಲ್ಲ, ಕಲಿಸುವುದೂ ಚೆನ್ನಾಗಿಯೇ ಕಲಿಸುತ್ತಾರೆ. ನನ್ನ ತಕರಾರು ಗೋಡೆಗೆ ಅಂಟಿಸಿದ ರೇಟ್ ಕಾರ್ಡಿನ ಮೇಲೆ.

'ಸರ, ನಂದು ಇನ್ನೂ ಹತ್ತು ಕ್ಲಾಸ್ ಬಾಕಿ ಅದಾವಲ್ರೀ?'

'ಬಾಕಿ ಅದಾವ್ರಿ, ಆದ್ರ ವ್ಯಾಲಿಡಿಟಿ ಇಲ್ಲ. ಕಾರ್ಡಿನ ಹಿಂದ ಬರದೇತಿ ನೋಡ್ರಿ.'

ತಿರುಗಿಸಿ ನೋಡಿದೆ. ಬರೆದಿತ್ತು. ಸಣ್ಣ ಅಕ್ಷರವೂ ಅಲ್ಲ, ಕಣ್ಣಿಗೆ ಕಾಣುವಷ್ಟೇ ಇತ್ತು. ತಗೊಳ್ಳುವಾಗ ನಾನೇ ಓದಿರಲಿಲ್ಲ. ಹೀಗಾಗಿ ಮೋಸ ಅಂತ ಕೂಗಾಡುವ ಹಕ್ಕು ನನಗಿಲ್ಲ. ಆದರೆ ಲೆಕ್ಕ ಹಾಕುವ ಹಕ್ಕಂತೂ ಇದೆ.

ಕಾರ್ಡಿನಲ್ಲಿದ್ದದ್ದು ಎರಡೇ ಸಾಲು. ಒಂದು ದಿನಕ್ಕೆ ಬಂದು ಹೋದರೆ 150 ರೂಪಾಯಿ. 24 ಕ್ಲಾಸಿನ ಪ್ಯಾಕ್ ತಗೊಂಡರೆ 2,400, ಅಂದರೆ ಕ್ಲಾಸಿಗೆ ನೂರೇ ರೂಪಾಯಿ. ಅವಧಿ 60 ದಿನ. ಮೂರರಲ್ಲಿ ಒಂದು ಪಾಲು ಸೋವಿ ಅಂದಕೂಡಲೇ ನಮ್ಮಂಥವರ ಕೈ ತಾನೇ ಪರ್ಸಿಗೆ ಹೋಗುತ್ತದೆ. ಹೊಸ ವರ್ಷದ ಹುರುಪು ಬೇರೆ. ಜನವರಿ 1ರಂದು ದುಡ್ಡು ಕಟ್ಟಿ ಅವತ್ತೇ ಮೊದಲ ಕ್ಲಾಸಿಗೆ ಕೂತೆ.

ಮನೆಗೆ ಬಂದು ಹಳೇ ಕ್ಯಾಲೆಂಡರ್ ಹಾಸಿಕೊಂಡು ಕೂತಾಗ ಗೊತ್ತಾದದ್ದು ಇಷ್ಟು. ಕ್ಲಾಸು ಇರುವುದು ಸೋಮ, ಬುಧ, ಶುಕ್ರ. ಜನವರಿ 1ರಿಂದ ಫೆಬ್ರವರಿ 29ರವರೆಗೆ ಸರಿಯಾಗಿ ಅರವತ್ತು ದಿನ. ಅದರಲ್ಲಿ ಸೋಮವಾರ 9, ಬುಧವಾರ 9, ಶುಕ್ರವಾರ 8, ಒಟ್ಟು 26. ಜನವರಿ 15 ಸಂಕ್ರಾಂತಿ, ಸೋಮವಾರ, ಕೇಂದ್ರಕ್ಕೆ ಸೂಟಿ. ಜನವರಿ 26 ಶುಕ್ರವಾರ, ಅವತ್ತೂ ಸೂಟಿ. ಉಳಿದದ್ದು 24. ಫೆಬ್ರವರಿಯಲ್ಲಿ ಒಂದು ಶುಕ್ರವಾರ ಕಲಿಸುವವರೇ ಊರಲ್ಲಿರಲಿಲ್ಲ. ಉಳಿದದ್ದು 23.

ಅಂದರೆ ನಾನು ಒಂದು ದಿನವೂ ತಪ್ಪಿಸದೆ, ಜ್ವರ ಬರದೆ, ಬೀಗರು ಬರದೆ, ಚಳಿಗೆ ಕೌದಿ ಹೊದ್ದು ಮಲಗದೆ ಹೋಗಿದ್ದರೂ 24 ಕ್ಲಾಸು ಮುಗಿಸೋಕೆ ಆಗ್ತಾನೇ ಇರಲಿಲ್ಲ. ಮಾರಿದ ಸಾಮಾನು ಅಂಗಡಿಯಲ್ಲೇ ಪೂರ್ತಿ ಇರಲಿಲ್ಲ.

ನಾನು ತಪ್ಪಿಸಿದ್ದನ್ನೂ ಮುಚ್ಚಿಡೋದಿಲ್ಲ. ಆ ವರ್ಷ ಬನದ ಹುಣ್ಣಿಮೆ ಜನವರಿ 25ಕ್ಕೆ ಬಂತು. ನಮ್ಮ ತವರು ಬಾದಾಮಿ ಕಡೆ. ಬನಶಂಕರಿ ತೇರಿನ ವಾರದಲ್ಲಿ ಮನೆ ತುಂಬ ಮಂದಿ, ರಾತ್ರಿ ಪೂರ್ತಿ ನಾಟಕ. ಬೆಳಿಗ್ಗೆ ಆರೂವರೆಗೆ ಯಾರು ಏಳ್ತಾರೆ? ಎರಡು ಕ್ಲಾಸು ಹೋದವು. ಆಮೇಲೆ ಜ್ವರ ಬಂದು ಮೂರು. ಇಳಕಲ್ಲಿನಲ್ಲಿ ಮದುವೆ, ಎರಡು. ಬರೀ ಮೈಗಳ್ಳತನಕ್ಕೆ ಎರಡು. ಒಟ್ಟು ಒಂಬತ್ತು. ಹೋದದ್ದು ಹದಿನಾಲ್ಕು ದಿನ. 2,400ನ್ನು 14ರಿಂದ ಭಾಗಿಸಿದರೆ ಕ್ಲಾಸಿಗೆ 171 ರೂಪಾಯಿ ಮೇಲೆ ಬೀಳುತ್ತದೆ. ದಿನದಿನಕ್ಕೆ 150 ಕೊಟ್ಟಿದ್ದರೆ 2,100ರಲ್ಲಿ ಮುಗಿಯುತ್ತಿತ್ತು. ಸೋವಿ ಅಂತ ಮುನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಬಂದಿದ್ದೆ.

ಇಲ್ಲಿ ನೆನಪಿಡಬೇಕಾದ ಸಂಖ್ಯೆ ಒಂದೇ: ಪ್ಯಾಕಿನ ಬೆಲೆಯನ್ನು ಒಂದು ದಿನದ ಬೆಲೆಯಿಂದ ಭಾಗಿಸಿ. 2,400 ಭಾಗಿಸು 150, ಹದಿನಾರು. ಹದಿನಾರು ದಿನ ಹೋದರೆ ಸಮಸಮ. ಹದಿನೇಳನೇ ದಿನದಿಂದ ಮಾತ್ರ ಲಾಭ. ಈ ಹದಿನಾರನ್ನು ರೇಟ್ ಕಾರ್ಡಿನಲ್ಲಿ ಯಾರೂ ಬರೆಯುವುದಿಲ್ಲ. ಅಲ್ಲಿ ಬರೆಯೋದು 'ಕ್ಲಾಸಿಗೆ ನೂರೇ ರೂಪಾಯಿ' ಅಂತ, ಅಂದರೆ ಎಲ್ಲಾ 24ಕ್ಕೂ ಹೋದವರ ಬೆಲೆ.

ಇದನ್ನೇ ಕೇಂದ್ರದವರ ಕಡೆಯಿಂದ ನೋಡಿ. ಹತ್ತು ಮಂದಿ ಪ್ಯಾಕ್ ತಗೊಂಡರು ಅನ್ನಿ, ಬಂದದ್ದು 24,000. ಅವರು ಸರಾಸರಿ ಹದಿನಾರು ದಿನ ಬಂದರೆ ಒಟ್ಟು 160 ಹಾಜರಿ. ಒಂದು ಹಾಜರಿಗೆ ಬಿದ್ದದ್ದು 150. ಅಂದರೆ ಕೇಂದ್ರದವರು ಒಟ್ಟಾರೆ ಒಂದು ಪೈಸೆಯೂ ಬಿಟ್ಟುಕೊಟ್ಟಿಲ್ಲ! ದಿನಾ ತಪ್ಪದೆ ಬರುವ ಇಬ್ಬರು ಮೂವರಿಗೆ ಸಿಕ್ಕ ರಿಯಾಯಿತಿಯನ್ನು ನನ್ನಂತೆ ತಪ್ಪಿಸಿದವರು ತುಂಬಿಕೊಟ್ಟಿರುತ್ತಾರೆ.

ಹಾಗಾದರೆ ಪ್ಯಾಕೇ ಕೆಟ್ಟದ್ದಾ? ಅಲ್ಲ. ಅಮೆರಿಕದ ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿ ತಗೊಂಡು ನೋಡಿದ್ದರು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟುವ ಸದಸ್ಯರು ಸರಾಸರಿ ಹೋಗುತ್ತಿದ್ದದ್ದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ; ಸಲಕ್ಕೆ 17 ಡಾಲರ್ ಮೇಲೆ ಬಿತ್ತು. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸು ತಗೊಂಡಿದ್ದರೆ ಸಲಕ್ಕೆ ಹತ್ತೇ ಡಾಲರ್ ಆಗುತ್ತಿತ್ತು. ಅಲ್ಲಿ ಸೋತದ್ದು ತಿಂಗಳ ಸದಸ್ಯತ್ವ, ಗೆದ್ದದ್ದು ಪ್ಯಾಕು. ಯಾಕೆಂದರೆ ತಿಂಗಳ ಲೆಕ್ಕದಲ್ಲಿ ಹೋಗದ ದಿನವೂ ಹಣ ತಿನ್ನುತ್ತದೆ; ಪಾಸಿನಲ್ಲಿ ಹೋದ ದಿನ ಮಾತ್ರ ಕಡಿಮೆಯಾಗುತ್ತದೆ.

ನಮ್ಮ ಕೇಂದ್ರದ ಪ್ಯಾಕಿನ ತೊಂದರೆ ಇಲ್ಲೇ ಸಿಕ್ಕಿತು. 60 ದಿನದಲ್ಲಿ ನಡೆಯುವುದೇ ಸುಮಾರು 24 ಕ್ಲಾಸು, ಅವಧಿಯೂ 60 ದಿನ ಅಂದಮೇಲೆ ಅದು ಪ್ಯಾಕೇ ಅಲ್ಲ. ಎರಡು ತಿಂಗಳ ಫೀ, ಪ್ಯಾಕಿನ ಅಂಗಿ ತೊಟ್ಟಿದೆ ಅಷ್ಟೇ. ತಿಂಗಳ ಫೀ ಅಂತಲೇ ಹೇಳಿ ತಗೊಂಡರೆ ನನ್ನದೇನೂ ತಕರಾರಿಲ್ಲ. ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿ ಕಲಿಯೋಕೆ ದೇಶದೇಶದಿಂದ ಬರುವವರು ತಿಂಗಳ ಲೆಕ್ಕದಲ್ಲೇ ಕಟ್ಟುತ್ತಾರೆ. ತಪ್ಪಿಸಿದ ದಿನ ತಮ್ಮದು ಅಂತ ಅವರಿಗೆ ಮೊದಲೇ ಗೊತ್ತು. 'ನಿಮಗೆ ಬೇಕಾದಾಗ ಬನ್ನಿ, 24 ಸಲ' ಅಂದು ಮಾರಿ, ಆಮೇಲೆ ತಿಂಗಳ ಫೀ ಥರಾ ವಸೂಲಿ ಮಾಡೋದು ಸರಿಯಲ್ಲ.

ಅವಧಿಯೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಸರ್ ಜೊತೆ ಆಮೇಲೆ ಚಹಾ ಕುಡಿಯುತ್ತಾ ಮಾತಾಡಿದಾಗ ಅವರ ಮಾತಿನಲ್ಲೂ ನ್ಯಾಯ ಇತ್ತು. 'ಹಾಲಿನ್ಯಾಗ ಹದಿನೈದ ಚಾಪಿ ಹಿಡೀತಾವ್ರಿ. ಹೋದ ವರ್ಷದ ಪ್ಯಾಕ್ ಹಿಡ್ಕೊಂಡು ಎಲ್ಲಾರೂ ಜೂನ್ 21ಕ್ಕ ಬಂದ್ರ ಎಲ್ಲಿ ಕುಂದ್ರಸ್ಲಿ? ಮತ್ತ ಬಾಡಿಗಿ ಹೆಚ್ಚಾತಂದ್ರ ಹಳೇ ರೇಟಿನ್ಯಾಗ ಎಷ್ಟ್ ವರ್ಷ ಕಲಸ್ಲಿ?' ಹೌದು. ಮುಂಗಡ ತಗೊಂಡ ಹಣ ಗಳಿಕೆಯಲ್ಲ, ತಲೆ ಮೇಲಿನ ಸಾಲ. ಅದಕ್ಕೊಂದು ಕೊನೆ ದಿನ ಬೇಕು. ಗಡುವು ಇದ್ದರೆ ಜನ ಎದ್ದು ಬರುತ್ತಾರೆ ಅನ್ನೋದೂ ಖರೆ. ಆದರೆ ನಾನು ಬಾರದ ದಿನ ಅವರಿಗೆ ಉಳಿತಾಯವೇನೂ ಆಗೋದಿಲ್ಲ, ನಷ್ಟವೂ ಆಗೋದಿಲ್ಲ. ಬಾಡಿಗೆ ಅಷ್ಟೇ, ಕಲಿಸುವವರ ಸಮಯ ಅಷ್ಟೇ. ನಷ್ಟವಾಗುವುದು ಹಾಲು ತುಂಬಿ, ನನ್ನ ಜಾಗಕ್ಕಾಗಿ ಬೇರೆಯವರನ್ನು ವಾಪಸ್ ಕಳಿಸಿದ ದಿನ ಮಾತ್ರ. ನಾನು ಹೋದ ಹದಿನಾಲ್ಕು ದಿನದಲ್ಲಿ ಹಾಲು ತುಂಬಿದ್ದನ್ನು ಎರಡು ಸಲ ನೋಡಿದ್ದೇನೆ, ಎರಡೂ ಜನವರಿ ಮೊದಲ ವಾರ.

ಈ ಗಂಟನ್ನು ನಮ್ಮ ಕಡೆ ಖಾನಾವಳಿಯವರು ಎಂದೋ ಬಿಡಿಸಿದ್ದಾರೆ. ಹುನಗುಂದದಲ್ಲಿ ನಾನು ಮೊದಲ ನೌಕರಿಗೆ ಇದ್ದಾಗ ತಿಂಗಳ ಊಟಕ್ಕೆ ಹಚ್ಚಿದ್ದೆ. ಅಮ್ಮನವರ ನಿಯಮ ಸರಳ: ನಾಳೆ ಊಟಕ್ಕೆ ಬರೋದಿಲ್ಲ ಅಂತ ಇವತ್ತು ರಾತ್ರಿ ಹೇಳಿದರೆ ಆ ಊಟ ಲೆಕ್ಕದಲ್ಲಿ ಮುಂದೆ ಹೋಗುತ್ತದೆ; ಹೇಳದೆ ತಪ್ಪಿಸಿದರೆ ಹೋಯಿತು, ರೊಟ್ಟಿ ಬಡಿದಾಗಿದೆ. ಖಾನಾವಳಿಯೇ ಮುಚ್ಚಿದ ದಿನ ಯಾರ ಲೆಕ್ಕಕ್ಕೂ ಇಲ್ಲ. ರೊಟ್ಟಿ ಬಡಿಯುವ ಮೊದಲು ಹೇಳಿದಿಯಾ ಇಲ್ಲವಾ ಅನ್ನೋದೊಂದೇ ಅಲ್ಲಿ ಪ್ರಶ್ನೆ.

ಇದೇ ಅಳತೆಯಲ್ಲಿ ನಾನು ಸರ್ ಮುಂದೆ ಇಟ್ಟದ್ದು ಹೀಗಿತ್ತು. 24ರ ಪ್ಯಾಕಿಗೆ 90 ದಿನ ಕೊಡಿ. ಅಂದರೆ ವಾರಕ್ಕೆ ಎರಡು ದಿನ ಬರುವವರೂ ಮುಗಿಸಬಹುದು. ಅವಧಿ ಮೊದಲ ಕ್ಲಾಸಿನ ದಿನದಿಂದ ಶುರುವಾಗಲಿ, ದುಡ್ಡು ಕಟ್ಟಿದ ದಿನದಿಂದ ಅಲ್ಲ. ಕೇಂದ್ರ ಮುಚ್ಚಿದ ಪ್ರತಿ ದಿನಕ್ಕೂ ಒಂದು ದಿನ ಮುಂದೆ ಹೋಗಲಿ. ಮೊದಲೇ ಹೇಳಿದರೆ ಒಂದು ಸಲ ಹದಿನೈದು ದಿನ ನಿಲ್ಲಿಸುವ ಅವಕಾಶ ಇರಲಿ. ಜಾತ್ರೆ, ಮದುವೆ, ಜ್ವರ ಎಲ್ಲ ಅದರಲ್ಲಿ ಆಗುತ್ತದೆ. ಇಷ್ಟಾದ ಮೇಲೂ ಉಳಿದದ್ದು ಸಾಯಲಿ, ನಾನು ಕೇಳುವುದಿಲ್ಲ. ಇದಕ್ಕಾಗಿ 2,400 ಬದಲು 2,700 ಕೇಳಿದರೂ ಕೊಡುತ್ತೇನೆ. ಆಗ ಸಮಸಮ ಆಗುವುದು ಹದಿನೆಂಟಕ್ಕೆ. ಆದರೆ ಆ ಹದಿನೆಂಟು ಮುಟ್ಟೋಕೆ ಕ್ಯಾಲೆಂಡರಿನಲ್ಲಿ ಜಾಗ ಇರುತ್ತದೆ.

ಒಂದು ದಿನದ ರೇಟಿನ ಬಗ್ಗೆಯೂ ಒಂದು ಮಾತು. ಬಾದಾಮಿಗೆ ಗುಹೆ ನೋಡಲು ಬಂದು ಎರಡು ದಿನ ಉಳಿಯುವವರಿಗೆ ಅದು ಸರಿ. ಮತ್ತೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲದವರಿಗೆ ಸ್ವಲ್ಪ ಹೆಚ್ಚು ಹಾಕೋದೂ ತಪ್ಪಲ್ಲ. ಆದರೆ ಇಳಕಲ್ಲಿನಲ್ಲಿ ನಮ್ಮ ಅತ್ತಿಗೆ ಮಗ್ಗದಲ್ಲಿ ಕೂತು ಕೂತು ಸೊಂಟ ಹಿಡಿಸಿಕೊಂಡಿದ್ದಾಳೆ. ಸೀರೆ ಇಳಿದಾಗ ಅವಳಿಗೆ ಕೂಲಿ. ಒಮ್ಮೆಗೇ 2,400 ಎತ್ತಿ ಕೊಡೋದು ಅವಳಿಂದ ಆಗದ ಮಾತು. ಪ್ಯಾಕಿನ ರಿಯಾಯಿತಿ ಕೈಯಲ್ಲಿ ಗಂಟು ಇದ್ದವರಿಗೆ. ಹೆಚ್ಚಿನ ದಿನದ ರೇಟು ಅವಳಿಗೆ. ನಾಲ್ಕು ಕ್ಲಾಸಿನ ಒಂದು ಸಣ್ಣ ಪ್ಯಾಕ್, 500 ರೂಪಾಯಿಗೆ, ಒಂದು ತಿಂಗಳ ಅವಧಿಗೆ ಇಟ್ಟರೆ ಅವಳಂಥವರು ಬರಬಹುದು. ಅದನ್ನೂ ಹೇಳಿದೆ.

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅನ್ನೋ ಮಾತೇ ಇದೆ. ಆದರೆ ಅಂಥ ದೂರು ಹೋಗಬೇಕಾದದ್ದು ರಾಜ್ಯ ಆಯೋಗಕ್ಕೆ. ಸಾವಿರ ರೂಪಾಯಿ ಕ್ಲಾಸಿಗೆ ಅಲ್ಲಿಯವರೆಗೆ ಹೋಗುವವರು ಯಾರು? ಅದಕ್ಕೇ ಈ ಜಗಳ ರೇಟ್ ಕಾರ್ಡಿನ ಮುಂದೆ ನಿಂತೇ ಆಗಬೇಕು.

ಸರ್ ಎಲ್ಲ ಕೇಳಿಸಿಕೊಂಡರು. ಸೂಟಿ ದಿನ ಮುಂದೆ ಹಾಕುವುದಕ್ಕೆ ಒಪ್ಪಿದರು. ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದೂ ಕೊಟ್ಟರು. ತೊಂಬತ್ತು ದಿನಕ್ಕೆ 'ನೋಡೂಣ್ರಿ' ಅಂದರು. ನನ್ನ ಹತ್ತು ಕ್ಲಾಸಿನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ನಾನು ಹೋದ ದಿನ 150 ಕೊಟ್ಟು ಕೂರುತ್ತೇನೆ, ಹೋದ ದಿನಗಳಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತೇನೆ. ಎರಡು ತಿಂಗಳಲ್ಲಿ ಗೆರೆ ಹದಿನಾರು ದಾಟಿದರೆ ಆವಾಗ ಪ್ಯಾಕ್ ತಗೊಂಡರಾಯಿತು. ಹೋದ ಎರಡು ತಿಂಗಳದ್ದು ಎಣಿಸಿದೆ: ಹದಿಮೂರು.